ಎಫ್‌ಪಿಎಸ್ 90 ಇದ್ದರೂ ಗೇಮ್ ತಡವರಿಸುವುದೇಕೆ

> "ಪರದೆಯ ಮೂಲೆಯಲ್ಲಿ ಎಫ್‌ಪಿಎಸ್ 90ರಿಂದ ಕೆಳಗೆ ಇಳಿಯೋದೇ ಇಲ್ಲ. ಆದ್ರೂ ಓಡ್ತಾ ಓಡ್ತಾ ಗೇಮ್ ತಟಕ್ ಅಂತ ನಿಂತು ಮುಂದೆ ಹೋಗುತ್ತೆ. ಗ್ರಾಫಿಕ್ಸ್ ಕಾರ್ಡ್ ಬದಲಿಸಬೇಕಾ?"

ಸದ್ಯಕ್ಕೆ ಬೇಡ. ಆ 90 ಒಂದು ಸೆಕೆಂಡಿನಲ್ಲಿ ಬಂದ ಫ್ರೇಮ್‌ಗಳ ಎಣಿಕೆ ಅಷ್ಟೆ. ಒಂದೊಂದು ಫ್ರೇಮ್ ಎಷ್ಟು ಹೊತ್ತು ತೆಗೆದುಕೊಂಡಿತು ಅನ್ನೋದನ್ನ ಅದು ಹೇಳಲ್ಲ. ಲೆಕ್ಕ ಹಾಕಿ: 89 ಫ್ರೇಮ್ ತಲಾ 10 ಮಿಲಿಸೆಕೆಂಡಿನಲ್ಲಿ ಬಂದರೆ 890 ಆಯ್ತು. ಇನ್ನೊಂದು ಫ್ರೇಮ್ 110 ತಗೊಳ್ತು. ಒಟ್ಟು 1000 ಮಿಲಿಸೆಕೆಂಡ್, 90 ಫ್ರೇಮ್. ಮೀಟರ್ ಪ್ರಕಾರ ಎಲ್ಲ ಚೆನ್ನಾಗಿದೆ; ಆ 110ರ ಹೊತ್ತು ಪರದೆ ಮಾತ್ರ ಅಲ್ಲಾಡದೆ ನಿಂತಿತ್ತು.

ಹಾಗಾಗಿ ನೋಡಬೇಕಾದ್ದು ಒಂದೊಂದು ಫ್ರೇಮ್ ತಗೊಂಡ ಹೊತ್ತನ್ನ ತೋರಿಸೋ ಫ್ರೇಮ್‌ಟೈಮ್ ಗೆರೆ. MSI Afterburner ಅನ್ನೋ ಪ್ರೋಗ್ರಾಮ್ ಹಾಕಿಕೊಂಡು, ಅದರ ಸೆಟ್ಟಿಂಗ್ಸ್‌ನ Monitoring ಪಟ್ಟಿಯಲ್ಲಿ Frametime ಆರಿಸಿ, Show in On-Screen Display ಟಿಕ್ ಮಾಡಿ, ಪಕ್ಕದಲ್ಲಿ text ಬದಲು graph ಹಾಕಿ. ಆಮೇಲೆ ಗೇಮ್‌ನಲ್ಲಿ ಒಂದೇ ದಾರಿಯಲ್ಲಿ ಎರಡು ಸಲ ಓಡಿ. ಎರಡನೇ ಓಟ ಬಹಳ ಮುಖ್ಯ, ಅದನ್ನ ಬಿಡಬೇಡಿ.

ಮೊದಲ ಸಲ ಗೆರೆಯಲ್ಲಿ ಮೇಲಕ್ಕೆ ಎದ್ದ ಮುಳ್ಳುಗಳು ಎರಡನೇ ಸಲ ಕಾಣಿಸದಿದ್ದರೆ ಬಹುಮಟ್ಟಿಗೆ ಶೇಡರ್ ಕಂಪೈಲ್ ಆಗ್ತಿದೆ, ಅಂದರೆ ಎಫೆಕ್ಟ್ ಬಿಡಿಸೋ ಪುಟ್ಟ ಪ್ರೋಗ್ರಾಮ್ ನಿಮ್ಮ ಕಾರ್ಡಿಗೆ ತಕ್ಕಂತೆ ಸಿದ್ಧವಾಗ್ತಿದೆ. ಹೊಸ ಎಫೆಕ್ಟ್ ಮೊದಲ ಸಲ ಬಂದಾಗ ಆ ಕೆಲಸ ಮುಗಿಯೋವರೆಗೂ ಫ್ರೇಮ್ ಕಾಯುತ್ತೆ. ಡ್ರೈವರ್ ಅಪ್‌ಡೇಟ್ ಆದ ಮೇಲೆ ಇದು ಮತ್ತೆ ಶುರುವಾಗಬಹುದು, ಗಾಬರಿ ಬೇಡ. ಹೀಗೆ ಸಿದ್ಧವಾದ ಶೇಡರ್ ಉಳಿಸಿಡೋ "ಕ್ಯಾಶ್ ಅಳಿಸ್ತಾ ಇರಿ" ಅನ್ನೋ ಸಲಹೆ ಕೇಳಿದರೆ ಕಾಟ ಜಾಸ್ತಿಯಾಗೋದೇ ಹೊರತು ಕಮ್ಮಿಯಾಗಲ್ಲ.

ಎರಡನೇ ಸಲವೂ ಅದೇ ತಿರುವಿನಲ್ಲಿ ಮುಳ್ಳು ಎದ್ದರೆ ಟೆಕ್ಸ್ಚರ್ ಒಂದು ಹಂತ ಇಳಿಸಿ, ಗೇಮ್ ಮುಚ್ಚಿ ತೆರೆದು ನೋಡಿ. ಹೋಯ್ತಾ? ಹಾಗಾದರೆ ಕಾರ್ಡಿನ ಮೆಮೊರಿ ಸಾಲ್ತಿರಲಿಲ್ಲ.

ದೊಡ್ಡ ಮುಳ್ಳಿಲ್ಲ, ಗೆರೆ ಗರಗಸದ ಹಲ್ಲಿನ ಹಾಗಿದೆ, 7, 15, 7, 15 ಅಂತ ಏರಿಳಿಯುತ್ತೆ ಅಂದರೆ ಅದಕ್ಕೆ ಮದ್ದು ಬೇರೆ. ಸರಾಸರಿ 11, ಅಂದರೆ 90 ಎಫ್‌ಪಿಎಸ್ಸೇ, ಆದರೆ ಚಲನೆ ನಯವಾಗಿರಲ್ಲ. Afterburner ಜೊತೆಗೇ ಬರೋ RTSSನಲ್ಲಿ Framerate limit ಹಾಕಿ. ನಿಮ್ಮ ಮಾನಿಟರ್ ಎಷ್ಟು ಹರ್ಟ್ಜ್ ಅಂತ ನೀವು ಹೇಳಿಲ್ಲ. 60 ಆಗಿದ್ದರೆ ಮಿತಿಯೂ 60 ಇರಲಿ. ಎಣಿಕೆ ಇಳಿದರೂ ಆಟ ನಯವಾಗುತ್ತೆ.

ಮೇಲೆ ಒಬ್ಬರು "ಫ್ರೀಸಿಂಕ್ ಆನ್ ಮಾಡಿ, ಎಲ್ಲ ಸರಿಹೋಗುತ್ತೆ" ಅಂದಿದ್ದಾರೆ. ಅರ್ಧ ಸರಿ. ಫ್ರೇಮ್ ಬಂದ ಹಾಗೆ ಮಾನಿಟರ್ ತನ್ನ ವೇಗ ಹೊಂದಿಸಿಕೊಳ್ಳೋದೇ ಫ್ರೀಸಿಂಕ್. 9, 12, 10 ಅಂತ ಇರೋ ಸಣ್ಣ ವ್ಯತ್ಯಾಸವನ್ನ ಅದು ಮರೆಮಾಡುತ್ತೆ. 110ರ ಫ್ರೇಮ್‌ಗೆ ಏನೂ ಮಾಡಲಾಗದು, ತೋರಿಸೋಕೆ ಹೊಸ ಚಿತ್ರವೇ ಇಲ್ವಲ್ಲ. ಇನ್ನೊಬ್ಬರು ಪಿಂಗ್ 200 ಆದಾಗ ತಮಗೂ ಹೀಗೇ ಆಗುತ್ತೆ ಅಂದ್ರು: ಸರ್, ನಿಮ್ಮದು ನೆಟ್‌ವರ್ಕ್ ತೊಂದರೆ. ಗೆರೆ ಸಪಾಟಾಗಿದ್ದು ಎದುರಾಳಿಗಳು ಮಾತ್ರ ಜಿಗಿದಾಡ್ತಾರೆ.

ಇಷ್ಟೆಲ್ಲ ಮಾಡಿಯೂ ಮುಳ್ಳು ಅದೇ ಜಾಗದಲ್ಲಿ ಉಳಿದರೆ ಸಿಪಿಯು ಮೇಲೆ ಅನುಮಾನ ಪಡಿ. ಒಟ್ಟು ಬಳಕೆ ಶೇ. 40 ತೋರಿಸಿದರೂ ನಂಬಬೇಡಿ. ಒಂದು ಕೋರ್ ಪೂರ್ತಿ ತುಂಬಿದ್ದರೂ ಆ ಸಂಖ್ಯೆಯಲ್ಲಿ ಕಾಣಲ್ಲ. ತಪ್ಪು ಗೇಮ್‌ನದ್ದೇ ಇರಲೂಬಹುದು. ಎರಡೂ ಓಟದ ಸ್ಕ್ರೀನ್‌ಶಾಟ್ ಹಾಕಿ, ಗೆರೆ ನೋಡಿ ಹೇಳೋಣ.