ಒಂದು ವರ್ಷದ ಡಿಪ್ಲೊಮಾಕ್ಕೆ ಆರ್ಕಿಟೆಕ್ಟ್ ಬೋರ್ಡು ಸಿಗದು

ಮಗಳು ದ್ವಿತೀಯ ಪಿಯುಸಿ ಸೈನ್ಸ್. ಆರ್ಕಿಟೆಕ್ಚರ್‌ಗೆ ಐದು ವರ್ಷ ಯಾಕೆ, ನಮ್ಮಲ್ಲಿ ಒಂದು ವರ್ಷದ ಇಂಟೀರಿಯರ್ ಡಿಪ್ಲೊಮಾ ಮಾಡಿದರೆ ಲೈಸೆನ್ಸ್ ಸಿಗುತ್ತದೆ ಎಂದು ಸಂಸ್ಥೆಯೊಂದು ಹೇಳುತ್ತಿದೆ. ಸಂಪಾದನೆಯೂ ಬೇಗವಂತೆ. ಸೇರಿಸಲೇ? – ಗೃಹಿಣಿ, ಉಡುಪಿ

ಪ್ರತಿ ಮೇ ತಿಂಗಳಲ್ಲೂ ಇದೇ ಪ್ರಶ್ನೆ. ಯಾವ ಲೈಸೆನ್ಸ್, ಯಾರು ಕೊಡುತ್ತಾರೆ ಎಂದು ಆ ಸಂಸ್ಥೆಯವರನ್ನೇ ಕೇಳಿ. ಇಂಟೀರಿಯರ್ ಡಿಸೈನರ್‌ಗೆ ನಮ್ಮ ದೇಶದಲ್ಲಿ ಕಾನೂನಿನ ಲೈಸೆನ್ಸೇ ಇಲ್ಲ. ಪ್ರಾಡಕ್ಟ್ ಡಿಸೈನರ್‌ಗೂ ಇಲ್ಲ. ಇರುವುದು ಆರ್ಕಿಟೆಕ್ಟ್‌ಗೆ ಮಾತ್ರ: 1972ರ ಕಾಯ್ದೆಯಂತೆ, ಮಾನ್ಯತೆಯ ಬಿ.ಆರ್ಕ್. ಪದವಿ ಮುಗಿಸಿ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ನೋಂದಾಯಿಸಿಕೊಂಡವರು ಮಾತ್ರ ಆ ಹೆಸರು ಹಾಕಿಕೊಳ್ಳಬಹುದು. ಅವರ ಸಂಖ್ಯೆ ‘ಸಿಎ’ ಎಂದು ಶುರುವಾಗಿ, ನಂತರ ಇಸವಿ ಬರುತ್ತದೆ. ಕೌನ್ಸಿಲ್‌ನ ಜಾಲತಾಣದಲ್ಲಿ ಹುಡುಕಿದರೆ ಹೆಸರು ಸಿಗಬೇಕು. ಕಟ್ಟಡದ ನಕ್ಷೆ ಬರೆಯುವುದನ್ನೇ ಈ ಕಾಯ್ದೆ ಇತರರಿಗೆ ತಡೆಯುವುದಿಲ್ಲ, ತಡೆಯುವುದು ಆ ಬಿರುದನ್ನು ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆ ತೀರ್ಪನ್ನು ಹಿಡಿದು ‘ನಮಗೂ ಲೈಸೆನ್ಸ್ ಇದ್ದಂತೆಯೇ’ ಎನ್ನುವವರನ್ನು ನಂಬಬೇಡಿ.

ದಾರಿ ಒಂದೇ ಕಡೆಗೆ ತೆರೆದಿದೆ. ಬಿ.ಆರ್ಕ್. ಮಾಡಿದವಳು ನಾಳೆಯೇ ಇಂಟೀರಿಯರ್ ಕೆಲಸ ಹಿಡಿಯಬಹುದು, ಸೀಡ್ ಪರೀಕ್ಷೆ ಬರೆದು ಪ್ರಾಡಕ್ಟ್ ಡಿಸೈನ್‌ನಲ್ಲಿ ಎಂ.ಡೆಸ್. ಸ್ನಾತಕೋತ್ತರ ಪದವಿಗೂ ಹೋಗಬಹುದು. ಒಂದು ವರ್ಷದ ಡಿಪ್ಲೊಮಾದವಳು ಇಂಟೀರಿಯರ್ ಕೆಲಸ ಹಿಡಿಯಬಹುದು, ಅಷ್ಟರಿಂದಲೇ ಎಂ.ಡೆಸ್.ಗೆ ಹೋಗಲಾಗದು. ಆರ್ಕಿಟೆಕ್ಟ್ ಆಗಬೇಕೆನಿಸಿದರೆ ನಾಟಾ ಪ್ರವೇಶ ಪರೀಕ್ಷೆ ಬರೆದು ಮೊದಲನೇ ಸೆಮಿಸ್ಟರ್‌ನಿಂದಲೇ ಶುರು.

ಸಂಪಾದನೆ ಬೇಗ ಎಂಬುದು ಅರ್ಧ ನಿಜ. ಬ್ರಹ್ಮಾವರದ ಕಡೆ 40 ಲಕ್ಷದ ಮನೆ, ಆರ್ಕಿಟೆಕ್ಟ್ ಫೀಸು ಶೇಕಡ 5 ಎಂದಿಟ್ಟುಕೊಳ್ಳಿ. ಸಿಗುವುದು 2 ಲಕ್ಷ, ಅದೂ ಹಂತ ಹಂತವಾಗಿ, ಮನೆ ಮುಗಿಯುವವರೆಗೆ. ಅದರಲ್ಲೇ ಸ್ಟ್ರಕ್ಚರಲ್ ಎಂಜಿನಿಯರ್‌ಗೂ ಡ್ರಾಫ್ಟ್ಸ್‌ಮನ್‌ಗೂ ಕೊಡಬೇಕು. ಅದೇ ಮನೆಯ 8 ಲಕ್ಷದ ಇಂಟೀರಿಯರ್ ಗುತ್ತಿಗೆ ಮೂರು ತಿಂಗಳಲ್ಲಿ ಮುಗಿಯುತ್ತದೆ. ಶೇಕಡ 15 ಉಳಿದರೆ 1.2 ಲಕ್ಷ. ಆದರೆ ಆ ಉಳಿಕೆ ಮಳೆಗಾಲ ದಾಟಬೇಕು. ಅಡುಗೆಮನೆ ಸಿಂಕಿನ ಕೆಳಗೆ ನೀರು ತಡೆಯುವ, ಐಎಸ್ 710 ಮುದ್ರೆಯ ಪ್ಲೈವುಡ್ ಹಾಕಬೇಕಾದಲ್ಲಿ ಬಡಗಿ ಅಗ್ಗದ ಎಂಆರ್ ಗ್ರೇಡ್ ಹಾಕಿದ್ದರೆ, ಆಗಸ್ಟ್‌ನಲ್ಲಿ ಹಲಗೆ ಉಬ್ಬಿ ಬಾಗಿಲು ಮುಚ್ಚುವುದಿಲ್ಲ. ಬಿಚ್ಚಿ ಹೊಸದು ಹಾಕುವ ಖರ್ಚು ಗುತ್ತಿಗೆ ಹಿಡಿದವಳದ್ದೇ. ಇದನ್ನು ಕಲಿಯಲು ಒಂದು ವರ್ಷ ತರಗತಿಯಲ್ಲಿ ಸಾಫ್ಟ್‌ವೇರ್ ಒತ್ತುತ್ತ ಕೂತರೆ ಆಗದು. ಇಂಟೀರಿಯರ್ರೇ ಬೇಕೆಂದರೆ ನಾಲ್ಕು ವರ್ಷದ ಡಿಸೈನ್ ಪದವಿ ಬಿ.ಡೆಸ್.ಗೆ ಸೇರಿಸಿ. ಮನಸ್ಸು ಇನ್ನೂ ಗಟ್ಟಿಯಾಗಿಲ್ಲವೆಂದರೆ, ನಾನಾದರೆ ಬಿ.ಆರ್ಕ್. ಎನ್ನುತ್ತೇನೆ.

ಕಾಮರ್ಸ್ ಓದಿದವರಿಗೆ ಆರ್ಕಿಟೆಕ್ಚರ್ ಸಿಗುವುದೇ? – ವಿದ್ಯಾರ್ಥಿ, ಸುರತ್ಕಲ್

ಇಲ್ಲ, ಭೌತಶಾಸ್ತ್ರ, ಗಣಿತ ಬೇಕು. ಐಐಟಿಗಳ ಬಿ.ಡೆಸ್.ಗಿರುವ ಯುಸೀಡ್ ಪ್ರವೇಶ ಪರೀಕ್ಷೆಯನ್ನು ಯಾವ ವಿಭಾಗದವರೂ ಬರೆಯಬಹುದು.

ಮಗ ಚಿತ್ರ ಚೆನ್ನಾಗಿ ಬಿಡಿಸುತ್ತಾನೆ. ಪ್ರಾಡಕ್ಟ್ ಡಿಸೈನ್‌ಗೆ ಅಷ್ಟು ಸಾಕಲ್ಲವೇ? – ಮಂಗಳೂರು

ಸಾಲದು. ಒದ್ದೆ ಕೈಯಲ್ಲೂ ಜಾರದ ಮಿಕ್ಸಿ ಗುಂಡಿಯೊಂದನ್ನು ರಟ್ಟಿನಲ್ಲಿ ಮಾಡಿ ತೋರಿಸಲು ಹೇಳಿ. ನಾಲ್ಕನೇ ಸಲವೂ ಬೇಸರಿಸದೆ ತಿದ್ದಿದರೆ ಕಳಿಸಿ. ಕೆಲಸ ಮಾತ್ರ ಹೆಚ್ಚಾಗಿ ಬೆಂಗಳೂರು, ಪುಣೆಯ ಕಂಪನಿಗಳಲ್ಲಿ, ಊರಲ್ಲೇ ಇರಬೇಕೆನ್ನುವವರಿಗಲ್ಲ.