ಪಕ್ಕದ ಮನೆಯವರಿಗೆ ನಾಯಿ ಬಿಟ್ಟು ಹೋಗುವಾಗ ಚೀಟಿಯಲ್ಲಿ ಏನಿರಬೇಕು?

"ಶನಿವಾರ, ಭಾನುವಾರ ನಾವು ಮನೆಯಲ್ಲಿ ಇರಲ್ಲ. ನಾಯಿಯನ್ನು ಪಕ್ಕದ ಮನೆಯವರು ನೋಡಿಕೊಳ್ತಾರೆ. ಅವನ ಸ್ವಭಾವ, ಊಟ, ಮಾತ್ರೆ ಎಲ್ಲಾ ಸೇರಿ ನಾಲ್ಕು ಪುಟ ಬರೆದಿದ್ದೇನೆ. ಇನ್ನೇನು ಸೇರಿಸಲಿ?"

ಏನೂ ಸೇರಿಸಬೇಡಿ, ಮೂರು ಪುಟ ತೆಗೆದುಹಾಕಿ. ಇಂಥ ಚೀಟಿ ಬರೆದೂ ಗೊತ್ತು, ಬೇರೆಯವರದ್ದನ್ನು ಕೈಯಲ್ಲಿ ಹಿಡಿದು ಅವರ ನಾಯಿಗೆ ಊಟ ಹಾಕಿಯೂ ಗೊತ್ತು. ಸ್ವಭಾವದ ಪುಟವನ್ನು ಯಾರೂ ಓದುವುದಿಲ್ಲ. ಎಡವಟ್ಟಾಗುವುದು ಮಾತ್ರೆಯ ಸಾಲಿನಲ್ಲಿ.

"ಬೆಳಿಗ್ಗೆ ಒಂದು ಮಾತ್ರೆ, ಊಟದ ಜೊತೆ" ಅಂತಷ್ಟೇ ಬರೆದಿದ್ದೀರಿ ಅಂದುಕೊಳ್ಳಿ. ಅವರು ಮಾತ್ರೆಯನ್ನು ತಟ್ಟೆಗೆ ಹಾಕುತ್ತಾರೆ. ನಾಯಿ ಅದರ ಸುತ್ತಲಿನ ಊಟವನ್ನೆಲ್ಲ ನೆಕ್ಕಿ, ಮಾತ್ರೆಯನ್ನು ಮಾತ್ರ ಉಗುಳುತ್ತದೆ. ಮಧ್ಯಾಹ್ನ ಚಾಪೆಯ ಅಂಚಿನಲ್ಲಿ ಅರ್ಧ ಕರಗಿದ ಬಿಳಿ ತುಂಡು ಸಿಗುತ್ತದೆ. ಉಳಿದರ್ಧ ಹೊಟ್ಟೆಗೆ ಹೋಯಿತೋ ಇಲ್ಲವೋ? ಪಾಪ, ಅವರು ಇನ್ನೊಂದು ಕೊಡುತ್ತಾರೆ. ಅಥವಾ ಬೆಳಿಗ್ಗೆ ಗಂಡ ಕೊಟ್ಟಿದ್ದು ಗೊತ್ತಿಲ್ಲದೆ ಹೆಂಡತಿಯೂ ಕೊಡುತ್ತಾರೆ. ಎರಡರಲ್ಲೂ ಪ್ರಮಾಣ ಮೀರಬಹುದು, ತಪ್ಪು ಅವರದ್ದಲ್ಲ.

ಅದಕ್ಕೇ ಪ್ರತಿ ಹೊತ್ತಿನ ಮಾತ್ರೆಯನ್ನು ಬೇರೆ ಬೇರೆ ಸಣ್ಣ ಪೊಟ್ಟಣಕ್ಕೆ ಹಾಕಿ, ಮೇಲೆ "ಶನಿವಾರ ಬೆಳಿಗ್ಗೆ" ಅಂತ ಬರೆಯಿರಿ. ಪೊಟ್ಟಣ ಖಾಲಿ ಇದ್ದರೆ ಕೊಟ್ಟಾಗಿದೆ ಅಂತಲೇ ಅರ್ಥ. ಕೊಡುವ ಬಗೆಯನ್ನೂ ಬರೆಯಿರಿ: ಅದಕ್ಕೆ ಇಷ್ಟವಾದ ಮೆತ್ತನೆಯ ತಿನಿಸಿನ ಮೂರು ಉಂಡೆ, ಮಾತ್ರೆ ನಡುವಿನದರಲ್ಲಿ. ಮೂರನೆಯದನ್ನು ಮೂಗಿನ ಮುಂದೆ ಹಿಡಿದರೆ ಎರಡನೆಯದನ್ನು ಅಗಿಯದೆ ನುಂಗುತ್ತದೆ. ಖಾಲಿ ಹೊಟ್ಟೆಯಲ್ಲಿ ಕೊಡುವ ಔಷಧಿಗೆ ಈ ಉಪಾಯ ನಡೆಯುವುದಿಲ್ಲ. ಕೊನೆಗೆ ದಪ್ಪ ಅಕ್ಷರದಲ್ಲಿ: "ಅನುಮಾನ ಬಂದರೆ ಮತ್ತೆ ಕೊಡಬೇಡಿ, ಫೋನ್ ಮಾಡಿ." ಫಿಟ್ಸ್ ಔಷಧಿ ಅಥವಾ ಇನ್ಸುಲಿನ್ ಇದ್ದರೆ, ಒಂದು ಹೊತ್ತು ತಪ್ಪಿದರೆ ಏನು, ನಾಯಿ ಊಟ ಬಿಟ್ಟರೆ ಏನು ಅಂತ ಡಾಕ್ಟರನ್ನು ಮೊದಲೇ ಕೇಳಿ, ಅವರ ಉತ್ತರವನ್ನೇ ಬರೆದಿಡಿ.

ಊಟಕ್ಕೂ ಅದೇ ಪೊಟ್ಟಣ ಪದ್ಧತಿ. "ಒಂದು ಕಪ್" ಅಂದರೆ ಅವರ ಮನೆಯ ಕಪ್ ನಿಮ್ಮದರ ಎರಡರಷ್ಟಿರಬಹುದು. ತೂಗಿ ಕಟ್ಟಿಡಿ. ಆರೋಗ್ಯವಾಗಿರುವ, ಬೆಳೆದ ನಾಯಿ ಮೊದಲ ದಿನ ಒಂದು ಹೊತ್ತು ಮುಟ್ಟದಿದ್ದರೆ ಗಾಬರಿ ಬೇಡ ಅನ್ನುವುದನ್ನೂ ಸೇರಿಸಿ. ಇಲ್ಲದಿದ್ದರೆ ಅವರು ಕನಿಕರಪಟ್ಟು ತಮ್ಮ ಅಡುಗೆ ಹಾಕುತ್ತಾರೆ, ಅದರಲ್ಲಿ ಈರುಳ್ಳಿ ಇರುತ್ತದೆ. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಚಾಕೊಲೇಟ್, ಮನುಷ್ಯರ ನೋವಿನ ಮಾತ್ರೆ: ಕೊಡಲೇಬಾರದು ಅಂತ ಇಷ್ಟರ ಹೆಸರು ಬರೆದರೆ ಸಾಕು.

ಬಾಗಿಲು ತೆರೆಯುವ ಮೊದಲೇ ಬೆಲ್ಟ್‌ಗೆ ಹಗ್ಗ ಹಾಕಬೇಕು, ಅದಕ್ಕೆ ಒಂದು ಸಾಲು.

ಫೋನಿಗೂ ಕಾಯಬಾರದ ಸಂಗತಿ ಒಂದಿದೆ. ಹೊಟ್ಟೆ ಉಬ್ಬಿ, ಮತ್ತೆ ಮತ್ತೆ ಓಕರಿಸಿದರೂ ಏನೂ ಬರದಿದ್ದರೆ ನೇರ ಆಸ್ಪತ್ರೆಗೆ. ಖರ್ಚು ನಾವು ಕೊಡುತ್ತೇವೆ ಅಂತ ಆಸ್ಪತ್ರೆಗೆ ಮೊದಲೇ ಹೇಳಿ, ಚೀಟಿಯಲ್ಲೂ ಬರೆಯಿರಿ. ದುಡ್ಡಿನ ಸಂಕೋಚದಲ್ಲಿ ಹೊತ್ತು ಕಳೆಯುವುದು ಬೇಡ.

ಹೊರಡುವ ಹಿಂದಿನ ದಿನ ಅವರನ್ನು ಕರೆದು, ಚೀಟಿ ನೋಡಿಕೊಂಡೇ ಒಂದು ಹೊತ್ತಿನ ಊಟ, ಮಾತ್ರೆ ಕೊಡಿಸಿ. ನೀವು ಬಾಯಿ ಬಿಡಬೇಡಿ. ಅವರು ಎಲ್ಲಿ ತಲೆ ಎತ್ತಿ ನಿಮ್ಮ ಮುಖ ನೋಡುತ್ತಾರೋ, ಆ ಸಾಲನ್ನು ತಿದ್ದಿ.