ಎಂಟರ್ ಎಲ್ಲಿ ಹೊಡೆಯಬೇಕು?

"ಸರ್, ನಾನು ಆಫರ್ ಕ್ಯಾಪ್ಶನ್ ಬರೆಯೋದನ್ನು ಕಲಿಯುತ್ತಿದ್ದೇನೆ. ಮೊಬೈಲ್ ಫೋಟೋಗ್ರಫಿಯ ಆನ್‌ಲೈನ್ ತರಗತಿಗೆ ಬರೆದ ಇನ್‌ಸ್ಟಾಗ್ರಾಂ ಕ್ಯಾಪ್ಶನ್ ಕಳಿಸಿದ್ದೇನೆ. ಮೊದಲು ಒಂದೇ ಪ್ಯಾರಾ ಇತ್ತು. ಓದೋಕೆ ಕಷ್ಟ ಅಂತ ಎಲ್ಲರೂ ಅಂದರು. ಹಾಗಾಗಿ ಪ್ರತಿ ವಾಕ್ಯ ಆದಮೇಲೆ ಎರಡು ಸಲ ಎಂಟರ್ ಹೊಡೆದೆ, ಮುಂದೆ ಒಂದೊಂದು ಎಮೋಜಿ ಹಾಕಿದೆ. ಆದರೂ 'ಕೊನೇ ದಿನ ಯಾವತ್ತು?' ಅಂತ ಕಾಮೆಂಟಿನಲ್ಲಿ ಕೇಳುತ್ತಲೇ ಇದ್ದಾರೆ. ಅದು ಕ್ಯಾಪ್ಶನ್‌ನಲ್ಲೇ ಇದೆ! ನಾನು ಎಲ್ಲಿ ತಪ್ಪಿದೆ?"

ನಮಸ್ಕಾರ.

ಇದೆ, ನಿಜ. ನಾನೂ ಹುಡುಕಿದೆ. ಒಟ್ಟು ಹದಿನಾಲ್ಕು ಸಾಲಿನಲ್ಲಿ ಹನ್ನೆರಡನೆಯದು. ಪಕ್ಕದಲ್ಲಿ ಗಡಿಯಾರದ ಎಮೋಜಿ. ಆದರೆ ನಾಲ್ಕು ಸಾಲು ಮೇಲೆ, ತರಗತಿಯ ಸಮಯದ ಮುಂದೆಯೂ ಅದೇ ಗಡಿಯಾರ ಇದೆ. ಆತುರದಲ್ಲಿ ಬಂದವರು ಮೊದಲ ಗಡಿಯಾರ ನೋಡಿ "ಓ, ಸಮಯದ ವಿಷಯ ಓದಿಯಾಯ್ತು" ಅಂದುಕೊಂಡು ಎರಡನೆಯದನ್ನು ದಾಟಿ ಹೋಗಿದ್ದಾರೆ. ಕಾಮೆಂಟಿನಲ್ಲಿ ಕೇಳಿದವರು ಸೋಮಾರಿಗಳಲ್ಲ. ಅವರು ಓದಲಿಲ್ಲ, ಕಣ್ಣಾಡಿಸಿದರು. ಆಫರ್ ಕ್ಯಾಪ್ಶನ್‌ನ ಹಣೆಬರಹವೇ ಅಷ್ಟು.

ಓದೋಕೆ ಕಷ್ಟ ಅನ್ನಿಸಿಕೊಂಡ ನಿಮ್ಮ ಮೊದಲ ಪ್ಯಾರಾ ಗೋಡೆಯ ಹಾಗಿತ್ತು. ಈಗ ನೀವು ಗೋಡೆ ಒಡೆದು ಇಟ್ಟಿಗೆ ಹರಡಿದ್ದೀರಿ, ಅಷ್ಟೇ. ಎರಡರಲ್ಲೂ ಬಾಗಿಲು ಎಲ್ಲಿ ಅಂತ ಗೊತ್ತಾಗುವುದಿಲ್ಲ.

ಖಾಲಿ ಸಾಲು ಅನ್ನೋದು ಬರೀ ಜಾಗ ಅಲ್ಲ. "ಇಲ್ಲಿಗೆ ಒಂದು ವಿಷಯ ಮುಗಿಯಿತು, ಮುಂದೆ ಬೇರೆ ವಿಷಯ" ಅಂತ ಅದು ಓದುಗರಿಗೆ ಹೇಳುತ್ತದೆ. ನಿಮ್ಮ ಕ್ಯಾಪ್ಶನ್‌ನಲ್ಲಿ ಈ ಮೂರು ಸಾಲು ನೋಡಿ:

📅 ತರಗತಿ ಶನಿವಾರ ಮತ್ತು ಭಾನುವಾರ ಇರುತ್ತದೆ.

⏰ ಸಂಜೆ 7 ಗಂಟೆಯಿಂದ 8.30ರವರೆಗೆ ನಡೆಯುತ್ತದೆ.

✨ ಒಟ್ಟು ನಾಲ್ಕು ವಾರಗಳ ಕಾಲ ತರಗತಿಗಳಿರುತ್ತವೆ.

ಇವು ಮೂರು ವಿಷಯ ಅಲ್ಲ. "ಯಾವಾಗ?" ಅನ್ನೋ ಒಂದೇ ಪ್ರಶ್ನೆಗೆ ಉತ್ತರ. ಮಧ್ಯೆ ಎರಡು ಖಾಲಿ ಸಾಲು ಹಾಕಿ ಒಂದನ್ನು ಮೂರು ಮಾಡಿದ್ದೀರಿ. ಹೀಗೆ ಹದಿಮೂರು ಕಡೆ ಅಂತರ ಬಿಟ್ಟಿದ್ದೀರಿ, ಎಲ್ಲವೂ ಒಂದೇ ಅಳತೆ. ಎಲ್ಲ ಕಡೆ ಅಂತರ ಇದ್ದರೆ ಎಲ್ಲಿಯೂ ಇಲ್ಲದ ಹಾಗೇ, ಅಲ್ವಾ?

ನಾನು ಮಾಡೋ ಕೆಲಸ ಸರಳ. ಎಂಟರ್ ಮುಟ್ಟುವ ಮೊದಲು ಪ್ರತಿ ವಾಕ್ಯದ ಪಕ್ಕ, ಅದು ಓದುಗರ ಯಾವ ಪ್ರಶ್ನೆಗೆ ಉತ್ತರ ಅಂತ ಒಂದೆರಡು ಪದದಲ್ಲಿ ಬರೆದುಕೊಳ್ಳುತ್ತೇನೆ. ನಿಮ್ಮದರಲ್ಲಿ ಬಂದದ್ದು ಇಷ್ಟು: ಏನು, ಯಾಕೆ, ಯಾವಾಗ, ಏನು ಸಿಗುತ್ತದೆ, ಷರತ್ತು, ಸೇರೋದು ಹೇಗೆ. ಆರು. ಒಂದೇ ಪ್ರಶ್ನೆ ಬಿದ್ದ ವಾಕ್ಯಗಳನ್ನು ಅಕ್ಕಪಕ್ಕ ತಂದೆ. ಹೀಗೆ ಆರು ಗುಂಪು, ಅವುಗಳ ನಡುವೆ ಐದು ಖಾಲಿ ಸಾಲು ಸಾಕಾಯಿತು. ಗುಂಪಿನ ಒಳಗೆ ಖಾಲಿ ಸಾಲು ಇಲ್ಲ.

ಈಗ ಮೊದಲ ಎರಡು ಸಾಲಿನ ಮಾತು. ಇನ್‌ಸ್ಟಾಗ್ರಾಂ ಕ್ಯಾಪ್ಶನ್‌ಗೆ 2,200 ಅಕ್ಷರದ ಮಿತಿ ಇದೆ. ಅಷ್ಟು ಉದ್ದ ಬರೆಯೋಕೆ ಬಿಡುತ್ತಾರೆ, ಆದರೆ ತೋರಿಸುವುದಿಲ್ಲ. ಫೀಡಿನಲ್ಲಿ ಕಾಣೋದು ಶುರುವಿನ ಒಂದೆರಡು ಸಾಲು. ಉಳಿದದ್ದು 'more' ಒತ್ತಿದವರಿಗೆ ಮಾತ್ರ. ಜೊತೆಗೆ ನಮ್ಮ ಲಿಪಿ ಅಗಲ. ನನ್ನ ಫೋನಿನಲ್ಲಿ ಒಂದು ಸಾಲಿಗೆ ನಾಲ್ಕೈದು ಕನ್ನಡ ಪದ ಹಿಡಿದರೆ ಹೆಚ್ಚು. ಎಣಿಕೆಯೂ ನಮ್ಮ ಕಡೆಗಿಲ್ಲ. 'ಸ್ತ್ರೀ' ಅನ್ನೋದು ಕಣ್ಣಿಗೆ ಒಂದೇ ಅಕ್ಷರ, ಕಂಪ್ಯೂಟರ್ ಒಳಗೆ ಆರು ಗುರುತು. ಆದ್ದರಿಂದ ಇಂಗ್ಲಿಷ್ ಕ್ಯಾಪ್ಶನ್ ಬರೆಯುವವರು ಹೇಳುವ ಅಕ್ಷರದ ಲೆಕ್ಕವನ್ನು ನಂಬಿ ಕೂರಬೇಡಿ.

ಆ ಅಮೂಲ್ಯ ಜಾಗದಲ್ಲಿ ನೀವು "🎉 ಸಿಹಿ ಸುದ್ದಿ! ಸಿಹಿ ಸುದ್ದಿ!" ಅಂತ ಬರೆದು, ಕೆಳಗೆ ಒಂದು ಖಾಲಿ ಸಾಲು ಬಿಟ್ಟಿದ್ದೀರಿ. ಸುದ್ದಿ ಏನು ಅಂತ ಗೊತ್ತಾಗುವ ಮೊದಲೇ ಜಾಗ ಮುಗಿಯಿತು. ಮೊದಲ ಸಾಲು ಮತ್ತು ಎರಡನೆಯ ಸಾಲಿನ ನಡುವೆ ಮಾತ್ರ ಖಾಲಿ ಸಾಲು ಬಿಡಲೇಬೇಡಿ. ಮೊದಲ ಸಾಲಿನಲ್ಲಿ ಏನು ಆಫರ್, ಎರಡನೆಯದರಲ್ಲಿ ಕೊನೇ ದಿನ. ಕಾಮೆಂಟಿನ ಪ್ರಶ್ನೆಗಳಲ್ಲಿ ಅರ್ಧ ಅಲ್ಲೇ ನಿಲ್ಲುತ್ತವೆ.

ಇನ್ನು ಬುಲೆಟ್. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ, ಯಾಕೆಂದರೆ ಜಾಸ್ತಿ ಜನ ಎಡವೋದು ಇಲ್ಲೇ.

ಪುಸ್ತಕದಲ್ಲಿ ಅಥವಾ ವರ್ಡ್ ಫೈಲಿನಲ್ಲಿ ಬುಲೆಟ್ ಹಾಕಿದರೆ, ಉದ್ದದ ವಾಕ್ಯ ಎರಡನೇ ಸಾಲಿಗೆ ಇಳಿದಾಗ ಸ್ವಲ್ಪ ಒಳಗೆ ಸರಿದು ನಿಲ್ಲುತ್ತದೆ. ಚುಕ್ಕಿ ಮಾತ್ರ ಹೊರಗೆ ಎದ್ದು ಕಾಣುತ್ತದೆ. ಕ್ಯಾಪ್ಶನ್‌ನಲ್ಲಿ ಆ ಸೌಲಭ್ಯ ಇಲ್ಲ. ಅಲ್ಲಿ ಚುಕ್ಕಿ ಕೂಡ ಇನ್ನೊಂದು ಅಕ್ಷರ ಅಷ್ಟೇ. ಎರಡನೇ ಸಾಲು ಸೀದಾ ಚುಕ್ಕಿಯ ಕೆಳಗೇ ಬಂದು ಕೂರುತ್ತದೆ. ನಾಲ್ಕು ಬುಲೆಟ್, ಪ್ರತಿಯೊಂದೂ ಮೂರು ಸಾಲು ಅಂದರೆ ಮತ್ತೆ ಗೋಡೆ. ಹಾಗಾಗಿ ಒಂದು ಬುಲೆಟ್ ಒಂದು ಸಾಲಿಗೆ ಮುಗಿಯಬೇಕು. ಮುಗಿಯುವುದಿಲ್ಲ ಅಂದರೆ ಅದು ಬುಲೆಟ್ ಅಲ್ಲ, ವಾಕ್ಯ. ವಾಕ್ಯವಾಗಿಯೇ ಬರೆಯಿರಿ.

ಜಾಗ ಉಳಿಸೋದು ಹೇಗೆ? ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಬುಲೆಟ್ ಸಾಲಿನಲ್ಲಿ ಮೊದಲು ಕತ್ತರಿ ಹಾಕಬೇಕಾದ್ದು ಅದಕ್ಕೇ. ನಿಮ್ಮ ಸಾಲು ಹೀಗಿತ್ತು: "ತರಗತಿ ತಪ್ಪಿಸಿಕೊಂಡವರು ಅದರ ರೆಕಾರ್ಡಿಂಗ್ ಅನ್ನು ಮೂರು ತಿಂಗಳವರೆಗೆ ನೋಡಬಹುದಾಗಿರುತ್ತದೆ." ಕಣ್ಣು ಎಡ ಅಂಚಿನಲ್ಲೇ ಮೇಲಿಂದ ಕೆಳಗೆ ಜಾರುವಾಗ ಅದಕ್ಕೆ ಸಿಕ್ಕಿದ್ದು "ತರಗತಿ ತಪ್ಪಿಸಿಕೊಂಡವರು". ಅದು ವಿಷಯವೇ ಅಲ್ಲ. "ರೆಕಾರ್ಡಿಂಗ್: 3 ತಿಂಗಳು" ಅಂದರೆ ಮುಗಿಯಿತು. ವಿಷಯ ಮೊದಲ ಪದದಲ್ಲೇ ಇದೆ. 'ಮೂರು' ಅನ್ನೋದನ್ನು 3 ಮಾಡಿದ್ದೂ ಬೇಕೆಂತಲೇ, ಅಕ್ಷರಗಳ ನಡುವೆ ಅಂಕಿ ಬೇಗ ಕಣ್ಣಿಗೆ ಬೀಳುತ್ತದೆ.

ಒಂದು ಸಾಲು ಹಾಗೆ ಬರೆದರೆ ಉಳಿದವೂ ಅದೇ ಅಚ್ಚಿನಲ್ಲಿರಲಿ. ಒಂದು "ರೆಕಾರ್ಡಿಂಗ್: 3 ತಿಂಗಳು", ಇನ್ನೊಂದು "ನಾವು ನಿಮ್ಮ ಫೋಟೋ ನೋಡುತ್ತೇವೆ" ಅಂತ ಆದರೆ ಕಣ್ಣು ತಡವರಿಸುತ್ತದೆ.

ಎಲ್ಲವನ್ನೂ ಬುಲೆಟ್ ಮಾಡೋಕೂ ಹೋಗಬೇಡಿ. ಬೆಳಕು ನೋಡೋದನ್ನು ಕಲಿಸುತ್ತೇವೆ ಅಂತ ನೀವು ಬರೆದ ಮಾತು ಚೆನ್ನಾಗಿದೆ. ಅದರಲ್ಲಿ ಒಂದು ವಾಕ್ಯ ಇನ್ನೊಂದನ್ನು ಕೈ ಹಿಡಿದು ಕರೆದುಕೊಂಡು ಹೋಗುತ್ತದೆ. ಅದನ್ನು ತುಂಡು ಮಾಡಿದರೆ ಸತ್ತೇ ಹೋಗುತ್ತದೆ. ಹಣ ವಾಪಸ್ ಇಲ್ಲ ಅನ್ನೋ ಷರತ್ತೂ ಬುಲೆಟ್‌ಗಳ ನಡುವೆ ಇರಬಾರದು. ಸಿಗುವ ವಸ್ತುಗಳ ಪಟ್ಟಿಯಲ್ಲಿ ಸಿಗದೇ ಇರೋದನ್ನು ತೂರಿಸಿದರೆ, ಬಚ್ಚಿಟ್ಟರು ಅಂತಲೇ ಜನ ಅಂದುಕೊಳ್ಳುತ್ತಾರೆ.

ಇಷ್ಟು ಮಾಡಿದ ಮೇಲೆ ನಿಮ್ಮ ಕ್ಯಾಪ್ಶನ್ ಹೀಗಾಯಿತು:

ಕೈಯಲ್ಲಿರುವ ಫೋನಿನಲ್ಲೇ ಫೋಟೋಗ್ರಫಿ ಕಲಿಯಿರಿ.
30% ರಿಯಾಯಿತಿ, 15ನೇ ತಾರೀಖಿನವರೆಗೆ.

ದುಬಾರಿ ಕ್ಯಾಮೆರಾ ಬೇಕಿಲ್ಲ. ಬೆಳಕು ಎಲ್ಲಿಂದ ಬರುತ್ತಿದೆ ಅಂತ ನೋಡುವ ಕಣ್ಣು ಬಂದರೆ ಅರ್ಧ ಕೆಲಸ ಆದಂತೆ. ಮೊದಲ ವಾರ ಕಲಿಸೋದೇ ಅದನ್ನು.

ಯಾವಾಗ?
4 ವಾರ, ಶನಿವಾರ ಮತ್ತು ಭಾನುವಾರ.
ಸಂಜೆ 7ರಿಂದ 8.30.

ಏನೇನು ಸಿಗುತ್ತದೆ?
• ಲೈವ್ ತರಗತಿ: 8
• ರೆಕಾರ್ಡಿಂಗ್: 3 ತಿಂಗಳು
• ನಿಮ್ಮ ಫೋಟೋಗೆ ಸಲಹೆ: ವಾರಕ್ಕೊಮ್ಮೆ
• ಬ್ಯಾಚ್: 25 ಜನ ಮಾತ್ರ

ಗಮನಿಸಿ: ಮೊದಲ ತರಗತಿ ಆದಮೇಲೆ ಹಣ ವಾಪಸ್ ಇಲ್ಲ.

ಸೇರಲು "ಕ್ಲಾಸ್" ಅಂತ ಮೆಸೇಜ್ ಮಾಡಿ. ಕೊನೇ ದಿನ 15.

ಎಮೋಜಿ ಒಂದೂ ಉಳಿದಿಲ್ಲ ಅಂತ ಬೇಜಾರಾಗಬೇಡಿ. ಬೇಕಿದ್ದರೆ ಕೊನೇ ದಿನದ ಮುಂದೆ ಒಂದು ಗಡಿಯಾರ ಇಡಿ, ಬೇರೆಲ್ಲೂ ಬೇಡ. ಆಗ ಆ ಗಡಿಯಾರಕ್ಕೆ ಅರ್ಥ ಬರುತ್ತದೆ. ಇನ್ನೊಂದು ವಿಷಯ: ಕಣ್ಣು ಕಾಣದವರು ಫೋನಿನ ಸ್ಕ್ರೀನ್ ರೀಡರ್‌ನಿಂದ ಕೇಳಿಸಿಕೊಳ್ಳುವಾಗ ಅದು ಪ್ರತಿ ಎಮೋಜಿಯ ಹೆಸರನ್ನೂ ಓದಿ ಹೇಳುತ್ತದೆ. ನಿಮ್ಮ ಹಳೆಯ ಕ್ಯಾಪ್ಶನ್ ಅವರಿಗೆ ಹೇಗೆ ಕೇಳಿರಬಹುದು, ಯೋಚಿಸಿ.

ಕೀಬೋರ್ಡಿನಲ್ಲಿ • ಚಿಹ್ನೆ ಚಿಹ್ನೆಗಳ ಎರಡನೇ ಪುಟದಲ್ಲಿ ಸಿಗುತ್ತದೆ. ಸಿಗದಿದ್ದರೆ ಸುಮ್ನೆ ಒಂದು ಅಡ್ಡಗೆರೆ ಸಾಕು. ನಕ್ಷತ್ರ ಚಿಹ್ನೆ ಮಾತ್ರ ಬೇಡ. ವಾಟ್ಸಾಪ್‌ನಲ್ಲಿ ಪದದ ಎರಡೂ ಬದಿ * ಹಾಕಿದರೆ ದಪ್ಪ ಅಕ್ಷರ ಆಗುತ್ತದೆ. ಅದನ್ನೇ ಎತ್ತಿ ಇನ್‌ಸ್ಟಾಗ್ರಾಂ ಕ್ಯಾಪ್ಶನ್‌ಗೆ ಹಾಕಿದರೆ ನಕ್ಷತ್ರಗಳು ಹಾಗೇ ಉಳಿದು, ಅಳಿಸಲು ಮರೆತ ಗುರುತಿನ ಹಾಗೆ ಕಾಣುತ್ತವೆ. ನಿಮ್ಮ ಕ್ಯಾಪ್ಶನ್‌ನಲ್ಲೂ ಒಂದು ಕಡೆ ಆಗಿರೋದು ಅದೇ.

ಸ್ಪೇಸ್ ಒತ್ತಿ ಒತ್ತಿ ಸಾಲು ಜೋಡಿಸುವ ಆಸೆ ನನಗೂ ಒಮ್ಮೆ ಬಂದಿತ್ತು. ಒಂದು ಆಫರ್‌ನಲ್ಲಿ ಎಡಕ್ಕೆ ದಿನ, ಬಲಕ್ಕೆ ಸಮಯ ಅಂತ ಪಟ್ಟಿ ಮಾಡಿದೆ. ಉದ್ದದ ವಾಕ್ಯಗಳನ್ನೂ ನಾನೇ ಮಧ್ಯದಲ್ಲಿ ಎಂಟರ್ ಹೊಡೆದು ಮುರಿದೆ. ನನ್ನ ಫೋನಿನಲ್ಲಿ ಅಚ್ಚು ಹಾಕಿದ ಹಾಗಿತ್ತು. ಫೋನಿನಲ್ಲಿ ಅಕ್ಷರ ದೊಡ್ಡದು ಮಾಡಿಕೊಂಡಿದ್ದ ಗೆಳೆಯರೊಬ್ಬರು ಸ್ಕ್ರೀನ್‌ಶಾಟ್ ಕಳಿಸಿದರು. ಅವರ ಕಡೆ ಪ್ರತಿ ಸಾಲು ಒಮ್ಮೆ ಫೋನಿನ ಅಂಚಿನಲ್ಲಿ ಮುರಿದು, ಮತ್ತೆ ನನ್ನ ಎಂಟರ್‌ನಲ್ಲಿ ಮುರಿದಿತ್ತು. ಉದ್ದ ಸಾಲು, ಒಂಟಿ ಪದ, ಉದ್ದ ಸಾಲು, ಒಂಟಿ ಪದ. ಮೆಟ್ಟಿಲು ಇಳಿದ ಹಾಗೆ. ವಾಕ್ಯದ ಮಧ್ಯದಲ್ಲಿ ಮುರಿಯುವ ಕೆಲಸ ಫೋನಿಗೇ ಬಿಡಿ. ನಿಮ್ಮ ಎಂಟರ್ ವಾಕ್ಯ ಮುಗಿದ ಮೇಲಷ್ಟೇ.

ಖಾಲಿ ಸಾಲು ಉಳಿಯಲಿ ಅಂತ ನೀವು ಎರಡು ಕಡೆ ಬರೀ ಒಂದು ಫುಲ್‌ಸ್ಟಾಪ್ ಇಟ್ಟಿದ್ದೀರಿ. ಅದು ಹಳೆಯ ಕಾಲದ ಉಪಾಯ. ಆಗ ಸಾಲಿನ ಕೊನೆಯಲ್ಲಿ ಒಂದು ಸ್ಪೇಸ್ ಉಳಿದಿದ್ದರೂ ಖಾಲಿ ಸಾಲು ಮಾಯ ಆಗುತ್ತಿತ್ತು. ಈಗ ಚುಕ್ಕಿ ಬೇಕಿಲ್ಲ. ನೋಟ್ಸ್ ಆ್ಯಪ್‌ನಲ್ಲಿ ಬರೆದು ಪೇಸ್ಟ್ ಮಾಡುವಾಗ ಸಾಲಿನ ಕೊನೆಯ ಸ್ಪೇಸ್ ಅಳಿಸಿಬಿಡಿ, ಪೋಸ್ಟ್ ಆದಮೇಲೆ ಒಮ್ಮೆ ನೋಡಿ.

ಸರಿಯಾಯಿತೋ ಇಲ್ಲವೋ ಅಂತ ತಿಳಿಯಲು ನಾನು ಮನೆಯಲ್ಲಿ ಯಾರಾದರೂ ಒಬ್ಬರ ಕೈಗೆ ಫೋನ್ ಕೊಟ್ಟು ಐದು ಎಣಿಸುತ್ತೇನೆ, ವಾಪಸ್ ತೆಗೆದುಕೊಳ್ಳುತ್ತೇನೆ. ಕೊನೇ ದಿನ ಯಾವತ್ತು, ಸೇರೋದು ಹೇಗೆ ಅಂತ ಕೇಳುತ್ತೇನೆ. ಮೊದಲನೆಯದು ಗೊತ್ತಿಲ್ಲ ಅಂದರೆ ಮೇಲಿನ ಎರಡು ಸಾಲು ಕೆಟ್ಟಿದೆ. ಎರಡನೆಯದು ಗೊತ್ತಿಲ್ಲ ಅಂದರೆ ಕೊನೆಯ ಗುಂಪು ಬೇರೆ ಯಾವುದಕ್ಕೋ ಅಂಟಿಕೊಂಡಿದೆ.

ತಿದ್ದಿ ಮತ್ತೆ ಕಳಿಸಿ. ಈ ಸಲ ವರ್ಡ್ ಫೈಲ್ ಬೇಡ, ಫೋನಿನ ಸ್ಕ್ರೀನ್‌ಶಾಟ್ ಕಳಿಸಿ. ಎರಡು ಕಳಿಸಿ: ಒಂದು 'more' ಒತ್ತುವ ಮೊದಲು, ಇನ್ನೊಂದು ಒತ್ತಿದ ಮೇಲೆ.